ಹುಳಿಯ ಪಾತ್ರೆಯಲ್ಲಿ ಬಿದ್ದ ಹಲ್ಲಿ

ಚನ್ನರಾಯಪಟ್ಟಣದ ಒಂದು ಮನೆ. ಜೂನ್ ತಿಂಗಳ ಮೊದಲ ವಾರ. ಎರಡು ದಿನ ಬಿಡದೆ ಸುರಿದ ಮಳೆ ಅಂದು ಸಂಜೆ ನಿಂತಿತ್ತು. ರಾತ್ರಿ ಎಂಟೂಕಾಲರ ಸುಮಾರಿಗೆ ಮನೆಯ ಇಬ್ಬರು ಮಕ್ಕಳು ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಿದ್ದರು. ಮಗ ಒಂಬತ್ತನೆಯ ತರಗತಿ, ಮಗಳು ಐದನೆಯ ತರಗತಿ. ತಂದೆ ತಟ್ಟೆ ಹಿಡಿದು ನಡುಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದರು. ಅಜ್ಜಿಯ ಊಟ ಇನ್ನೂ ಆಗಿರಲಿಲ್ಲ. ಎರಡನೆಯ ಸಲ ಅನ್ನಕ್ಕೆ ಹುಳಿ ಬಡಿಸಲು ತಾಯಿ ಸೌಟು ಅದ್ದಿ ಎತ್ತಿದರು. ನುಗ್ಗೇಕಾಯಿಯ ಹೋಳುಗಳ ನಡುವೆ ಬೆಳ್ಳನೆಯ ಹೊಟ್ಟೆ ಮೇಲಾಗಿ ಒಂದು ಹಲ್ಲಿ ಬಂತು.

ಸೌಟು ನೆಲಕ್ಕೆ ಬಿತ್ತು. ಮಗಳು ಐದು ನಿಮಿಷದೊಳಗೆ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಮಗನಿಗೆ ಹೊಟ್ಟೆ ಉರಿಯತೊಡಗಿತು. “ವಿಷ ಕಣೇ, ಹಲ್ಲಿ ವಿಷ! ಉಪ್ಪುನೀರು ಕುಡಿಸಿ ವಾಂತಿ ಮಾಡಿಸು” ಎಂದು ಅಜ್ಜಿ ಕೂಗಿಕೊಂಡರು. ಪಕ್ಕದ ಮನೆಯವರು ಹುಣಸೇಹಣ್ಣಿನ ನೀರು ಕಿವುಚಿಕೊಂಡು ಬಂದರು. ತಂದೆ ಎರಡನ್ನೂ ಕೊಡಬೇಡಿರೆಂದು ತಡೆದು, ಆಟೋ ಕರೆಸಿ ಮಕ್ಕಳನ್ನು ಹತ್ತಿರದ ಡಾಕ್ಟರ ಬಳಿಗೆ ಕರೆದೊಯ್ದರು. ಅವರು ತಡೆದದ್ದೇ ಒಳ್ಳೆಯದಾಯಿತು. ಬಲವಂತವಾಗಿ ಉಪ್ಪುನೀರು ಕುಡಿಸಿದರೆ ಮಕ್ಕಳ ರಕ್ತದಲ್ಲಿ ಉಪ್ಪಿನ ಅಂಶ ಅಪಾಯದ ಮಟ್ಟಕ್ಕೆ ಏರಬಹುದು. ವಾಂತಿ ಮಾಡಿಸುವಾಗ ಆಹಾರ ಶ್ವಾಸನಾಳಕ್ಕೆ ಹೋಗಲೂಬಹುದು. ಆ ರಾತ್ರಿ ಆ ಮಕ್ಕಳಿಗೆ ಹಲ್ಲಿಗಿಂತ ಈ ಮನೆಮದ್ದಿನಿಂದಲೇ ಹೆಚ್ಚು ಕೆಡುಕಾಗುವ ಸಂಭವವಿತ್ತು.

ಡಾಕ್ಟರಮ್ಮ ಮಕ್ಕಳ ನಾಡಿ, ಜ್ವರ ನೋಡಿದರು. ಹೊಟ್ಟೆ ಒತ್ತಿ ನೋಡಿದರು. ಅನಂತರ ಮೂರು ಪ್ರಶ್ನೆ ಕೇಳಿದರು.

“ವಾಂತಿ ಆಗಿದ್ದು ಹಲ್ಲಿ ಕಾಣೋದಕ್ಕೆ ಮುಂಚೆಯೋ, ಆಮೇಲೋ?”

“ಆಮೇಲೆ ಡಾಕ್ಟ್ರೇ. ಕಂಡ ತಕ್ಷಣ.”

“ಎಲ್ಲರಿಗಿಂತ ಹೆಚ್ಚು ಹುಳಿ ಉಂಡವರು ಯಾರು?”

ತಂದೆ ಸ್ವಲ್ಪ ಸಂಕೋಚದಿಂದ, “ನಾನೇ. ಎರಡು ಸಲ ಹಾಕಿಸಿಕೊಂಡಿದ್ದೆ” ಎಂದರು.

“ನಿಮಗೆ ಏನಾದ್ರೂ ಆಯ್ತಾ?”

ಅವರಿಗೆ ಏನೂ ಆಗಿರಲಿಲ್ಲ. ಅಡುಗೆಮನೆಯಲ್ಲಿ ಕೂಗು ಏಳುವವರೆಗೆ ನೆಮ್ಮದಿಯಾಗಿ ಉಣ್ಣುತ್ತಿದ್ದರು. ವಿಷಯ ತಿಳಿದ ಮೇಲೆ ಮಾತ್ರ ಹೊಟ್ಟೆ ತೊಳಸಿದಂತಾಗಿತ್ತು. ಡಾಕ್ಟರಮ್ಮ ಮಗಳ ತಲೆ ಸವರಿ, “ಇವಳ ಹೊಟ್ಟೆ ಕೆಟ್ಟಿಲ್ಲ, ಮನಸ್ಸು ಹೇಸಿದೆ ಅಷ್ಟೆ” ಎಂದರು.

ನಮ್ಮ ಮನೆಯ ಗೋಡೆಯ ಮೇಲೆ ಓಡಾಡುವ ಹಲ್ಲಿಗೆ ವಿಷದ ಗ್ರಂಥಿಯಿಲ್ಲ. ಅದರ ಹಲ್ಲಿನಲ್ಲಾಗಲಿ ಚರ್ಮದಲ್ಲಾಗಲಿ ಬಾಲದಲ್ಲಾಗಲಿ ಮನುಷ್ಯನನ್ನು ಕೊಲ್ಲುವ ಯಾವ ವಸ್ತುವೂ ಇಲ್ಲ. ಕಚ್ಚಿ ವಿಷವೇರಿಸುವ ಹಲ್ಲಿಗಳೆಂದು ಹೆಸರಾದ ಗಿಲಾ ಮಾನ್‌ಸ್ಟರ್ ಮತ್ತು ಅದರ ಹತ್ತಿರದ ಬಂಧುವಾದ ಮಣಿಹಲ್ಲಿ ಇರುವುದು ಉತ್ತರ ಅಮೆರಿಕ ಮತ್ತು ಅದರ ತೆಂಕಣ ಸೀಮೆಯಲ್ಲಿ, ನಮ್ಮಲ್ಲಲ್ಲ. ನಮ್ಮ ಮನೆಹಲ್ಲಿ ಸಿಕ್ಕಿಬಿದ್ದಾಗ ಕಚ್ಚಲು ನೋಡುತ್ತದೆ, ಆದರೆ ಅದರ ಸಣ್ಣ ಹಲ್ಲುಗಳಿಂದ ಚರ್ಮಕ್ಕೆ ಗೀರು ಬೀಳುವುದೂ ಅಪರೂಪ.

ಹಾಗಾದರೆ ಹಲ್ಲಿ ಬಿದ್ದ ಹುಳಿಯನ್ನು ಉಣ್ಣಬಹುದೇ? ಮಗ ಇದನ್ನೇ ಕೇಳಿದ. ಡಾಕ್ಟರಮ್ಮ, “ಬೇಡಪ್ಪ, ಚೆಲ್ಲಿಬಿಡಬೇಕು. ವಿಷವಿಲ್ಲ ಅಂದ ಮಾತ್ರಕ್ಕೆ ಕೊಳೆ ಇಲ್ಲ ಅಂತಲ್ಲ” ಎಂದು ಉತ್ತರ ಕೊಟ್ಟರು.

ಆ ಕೊಳೆಯ ಹೆಸರು ಸಾಲ್ಮೊನೆಲ್ಲಾ. ಇದೊಂದು ಬ್ಯಾಕ್ಟೀರಿಯಾ. ಹಾವು, ಆಮೆ, ಹಲ್ಲಿ ಮೊದಲಾದ ಸರೀಸೃಪಗಳ ಕರುಳಿನಲ್ಲಿ ಅವುಗಳಿಗೆ ಯಾವ ತೊಂದರೆಯನ್ನೂ ಕೊಡದೆ ಅದು ಬದುಕಿರುತ್ತದೆ. ಹಲವು ದೇಶಗಳಲ್ಲಿ ಮನೆಹಲ್ಲಿಗಳನ್ನು ಪರೀಕ್ಷಿಸಿದವರಿಗೆ ಅವುಗಳಲ್ಲಿ ಕೆಲವುದರ ಕರುಳಿನಲ್ಲಿ, ಹಿಕ್ಕೆಯಲ್ಲಿ ಇದು ಸಿಕ್ಕಿದೆ. ಎಲ್ಲ ಹಲ್ಲಿಯಲ್ಲೂ ಇರುವುದಿಲ್ಲ, ಇದೆಯೋ ಇಲ್ಲವೋ ಎಂದು ನೋಡಿ ಹೇಳಲೂ ಆಗುವುದಿಲ್ಲ. ಆದ್ದರಿಂದ ನಿಜವಾಗಿ ಅಂಜಬೇಕಾದದ್ದು ಪಾತ್ರೆಗೆ ಬಿದ್ದು ಎಲ್ಲರ ಕಣ್ಣಿಗೆ ಬೀಳುವ ಹಲ್ಲಿಗಲ್ಲ, ಯಾರ ಕಣ್ಣಿಗೂ ಬೀಳದೆ ತೊಳೆದಿಟ್ಟ ತಟ್ಟೆಯ ಮೇಲೆ ಬಿದ್ದಿರುವ ಅದರ ಹಿಕ್ಕೆಗೆ. ಹಲ್ಲಿಯ ಹಿಕ್ಕೆಯನ್ನು ಗುರುತಿಸುವುದು ಸುಲಭ. ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಅಥವಾ ಕಂದು ಕಡ್ಡಿ, ಅದರ ಒಂದು ತುದಿಯಲ್ಲಿ ಸುಣ್ಣ ಮೆತ್ತಿದಂತೆ ಬಿಳಿಯ ಚುಕ್ಕೆ. ಆ ಬಿಳಿ ಭಾಗವೇ ಹಲ್ಲಿಯ ಮೂತ್ರ. ಅದು ನೀರಾಗಿ ಹೋಗದೆ ಯೂರಿಕ್ ಆಮ್ಲವಾಗಿ ಗಟ್ಟಿಯಾಗಿಯೇ ಬೀಳುತ್ತದೆ. ಇಲಿಯ ಹಿಕ್ಕೆಗೂ ಜಿರಲೆಯದಕ್ಕೂ ಈ ಬಿಳಿ ತುದಿ ಇರುವುದಿಲ್ಲ.

ಸಾಲ್ಮೊನೆಲ್ಲಾಗೆ ಬೇಕಾದ್ದು ಹದವಾದ ಬೆಚ್ಚಗೆ ಮತ್ತು ಸಮಯ. ಕುದಿಯುವ ಹುಳಿಯಲ್ಲಿ ಅದು ಉಳಿಯಲಾರದು. ಆದರೆ ಒಲೆಯಿಂದ ಇಳಿಸಿದ ಹುಳಿ ಆರುತ್ತ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೆ ಕ್ರಿಮಿ ಬಿದ್ದರೆ ಬದುಕಿಕೊಳ್ಳಬಹುದು. ಇನ್ನಷ್ಟು ಆರಿ ಉಗುರುಬೆಚ್ಚಗೆ ಆದಾಗ ಅದು ಬೇಗ ಬೇಗ ಹೆಚ್ಚುತ್ತದೆ. ಆದ್ದರಿಂದ ಹಲ್ಲಿ ಬಿದ್ದದ್ದು ಯಾವಾಗ ಎನ್ನುವುದು ಮುಖ್ಯ. ಒಲೆಯ ಮೇಲೆ ಕುದಿಯುವಾಗಲೇ ಬಿದ್ದು ಬೆಂದಿದ್ದರೆ ಅಪಾಯ ಬಹಳ ಕಡಿಮೆ. ಇಳಿಸಿಟ್ಟ ಮೇಲೆ ಬಿದ್ದು ಗಂಟೆಗಟ್ಟಲೆ ಅದರಲ್ಲೇ ಇದ್ದರೆ ಅಪಾಯ ಹೆಚ್ಚು. ಈ ಮನೆಯಲ್ಲಿ ಹುಳಿಯನ್ನು ಇಳಿಸಿದ್ದು ಆರೂವರೆಗೆ. ಬೇಗ ಆರಲೆಂದು ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟಿದ್ದರು. ಹಲ್ಲಿಯ ಚರ್ಮ ಬೆಂದು ಬಿಟ್ಟುಕೊಂಡಿರಲಿಲ್ಲ. ಎಂದರೆ ಹುಳಿ ಆರತೊಡಗಿದ ಮೇಲೆ, ಹೆಚ್ಚೆಂದರೆ ಗಂಟೆಯೊಂದರ ಹಿಂದೆ ಬಿದ್ದಿರಬೇಕು. ಅಷ್ಟು ಹೊತ್ತಿನಲ್ಲಿ ಕ್ರಿಮಿ ಬೆಳೆದಿರುವ ಸಂಭವ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಅದಕ್ಕಾಗಿಯೇ ಡಾಕ್ಟರಮ್ಮ ಗಡಿಯಾರದ ಕಡೆ ಕೈ ತೋರಿಸಿ ತಂದೆಗೆ ಒಂದು ಲೆಕ್ಕ ಹೇಳಿಕೊಟ್ಟರು. ಹಲ್ಲಿಯನ್ನು ಕಂಡ ನಿಮಿಷಗಳಲ್ಲಿ ಬರುವ ವಾಂತಿ ಹೇಸಿಗೆಯದು, ಭಯದ್ದು. ಉಂಡು ಒಂದರಿಂದ ಆರು ಗಂಟೆಯೊಳಗೆ ಹಲವರಿಗೆ ಒಟ್ಟಿಗೆ ವಾಂತಿ ಶುರುವಾದರೆ ಅನುಮಾನಿಸಬೇಕಾದದ್ದು ಬೇರೆ ಬ್ಯಾಕ್ಟೀರಿಯಾಗಳನ್ನು. ಮಾಡಿಟ್ಟ ಅನ್ನ, ಸಾರು ಬಹಳ ಹೊತ್ತು ಹೊರಗಿದ್ದಾಗ ಅವು ಅದರಲ್ಲಿ ಬೆಳೆದು ನಂಜನ್ನು ಬಿಟ್ಟಿರುತ್ತವೆ. ಆ ನಂಜುಗಳಲ್ಲಿ ಕೆಲವು ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅಲ್ಲಿ ತಪ್ಪು ಹಲ್ಲಿಯದಲ್ಲ, ಹಳಸಿದ ಅಡುಗೆಯದು. ಸಾಲ್ಮೊನೆಲ್ಲಾ ನಿಧಾನಿ. ಸಾಮಾನ್ಯವಾಗಿ 12ರಿಂದ 36 ಗಂಟೆ ಕಳೆದ ಮೇಲೆ, ಕೆಲವರಲ್ಲಿ ಮೂರು ದಿನ ಆದ ಮೇಲೂ, ಜ್ವರ, ಹೊಟ್ಟೆನುಲಿತ, ಭೇದಿ ಒಟ್ಟಿಗೆ ಬರುತ್ತವೆ. “ಆದ್ದರಿಂದ ಈಗ ಮನೆಗೆ ಹೋಗಿ ಮಲಗಿ. ನೋಡಬೇಕಾದ್ದು ನಾಳೆ, ನಾಡಿದ್ದು” ಎಂದರು. ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕೊಡಬೇಕು. ಮಲದಲ್ಲಿ ರಕ್ತ, ಇಳಿಯದ ಜ್ವರ, ಬಹಳ ಹೊತ್ತು ಮೂತ್ರ ಆಗದಿರುವುದು, ಮಂಪರು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಬರಬೇಕು. ಎಳೆಗೂಸು ಅಥವಾ ವಯಸ್ಸಾದವರಾದರೆ ಇಷ್ಟೆಲ್ಲ ಕಾಯಲೂಬಾರದು.

ಶಾಲೆಯ ಬಿಸಿಯೂಟದಲ್ಲಿ ಹಲ್ಲಿ ಸಿಕ್ಕಿತು, ಮಕ್ಕಳು ಆಸ್ಪತ್ರೆಗೆ ಸೇರಿದರು ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅಂಥ ಕಡೆ ವೈದ್ಯರು ಪರೀಕ್ಷಿಸುವುದು ಅಗತ್ಯವೇ. ಆದರೆ ಒಂದು ಮಗು ಕಿರುಚಿ ವಾಂತಿ ಮಾಡಿದಾಗ ಅದನ್ನು ನೋಡಿದ ಇನ್ನೊಂದಕ್ಕೆ, ಆಮೇಲೆ ಸಾಲಿಗೆ ಸಾಲಿಗೇ ಹೊಟ್ಟೆ ತೊಳಸುವುದುಂಟು. ಇದು ನಾಟಕವಲ್ಲ, ಆ ಮಕ್ಕಳ ಸಂಕಟ ನಿಜವಾದದ್ದೇ. ಕಾರಣ ಮಾತ್ರ ಬೇರೆ. ಯಾರಿಗೆ ಎಷ್ಟು ಹೊತ್ತಿಗೆ ಶುರುವಾಯಿತು, ಹಲ್ಲಿಯ ಸುದ್ದಿ ಕೇಳದವರಿಗೂ ಆಯಿತೇ ಎಂದು ಬರೆದಿಟ್ಟುಕೊಂಡರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ.

ಮೂರು ದಿನ ಕಳೆಯಿತು. ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಎಲ್ಲರಿಗಿಂತ ಹೆಚ್ಚು ನರಳಿದವರು ಹುಳಿಯನ್ನು ಮುಟ್ಟಿಯೇ ಇರದ ಅಜ್ಜಿ. ಅವರಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಕಂಚಿಯ ವರದರಾಜಸ್ವಾಮಿ ದೇವಸ್ಥಾನದ ಬಂಗಾರದ ಹಲ್ಲಿಯನ್ನು ಮುಟ್ಟಿ ಬಂದಿದ್ದ ಬೀದಿಯ ಕೊನೆಯ ಮನೆಯಾಕೆಯನ್ನು ಕರೆಸಿ ಮೊಮ್ಮಕ್ಕಳನ್ನು ಮುಟ್ಟಿಸಿದ ಮೇಲೆ ಸಮಾಧಾನವಾಯಿತು. ತಂದೆಯ ಸಮಾಧಾನದ ದಾರಿ ಬೇರೆ. ಅವರು ಸಂತೆಯಿಂದ ನವಿಲುಗರಿ ತಂದು ಗೋಡೆಗೆ ಸಿಕ್ಕಿಸಿದರು, ಮೊಟ್ಟೆಯ ಸಿಪ್ಪೆ ತೂಗುಹಾಕಿದರು, ನುಸಿಗುಳಿಗೆಯನ್ನು ಕಪಾಟಿನ ಮೂಲೆಯಲ್ಲಿಟ್ಟರು. ವಾರದೊಳಗೆ ನವಿಲುಗರಿಯ ಹಿಂದೆಯೇ ಒಂದು ಹಲ್ಲಿ ನೆಲೆ ಮಾಡಿಕೊಂಡಿತು. ನುಸಿಗುಳಿಗೆಯನ್ನು ತಾಯಿ ಮರುದಿನವೇ ತೆಗೆದು ಎಸೆದರು. ಅದು ಸರಿಯಾದ ಕೆಲಸ. ಮಿಠಾಯಿಯೆಂದು ಮಗು ನುಂಗಿದರೆ ನ್ಯಾಫ್ತಲೀನ್ ಗುಳಿಗೆ ರಕ್ತದ ಕೆಂಪು ಕಣಗಳನ್ನು ಒಡೆಯಬಲ್ಲದು. ಅಂಥದನ್ನು ಅಡುಗೆಮನೆಯಲ್ಲಿಟ್ಟು ವಿಷವಿಲ್ಲದ ಹಲ್ಲಿಯನ್ನು ಓಡಿಸಹೊರಡುವುದು ಯಾವ ಲೆಕ್ಕ?

ಮಗನ ತಲೆಯಲ್ಲಿ ಮಾತ್ರ ಬೇರೊಂದು ಪ್ರಶ್ನೆ ಕೊರೆಯುತ್ತಿತ್ತು. ಇಷ್ಟು ದೊಡ್ಡ ಮನೆಯಲ್ಲಿ ಹಲ್ಲಿ ಆ ಪಾತ್ರೆಗೇ ಏಕೆ ಬಿತ್ತು? ಅವನು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತ. ಒಲೆಯ ಕಟ್ಟೆಯ ಮೇಲೆ ಗೋಡೆಗೆ ಟ್ಯೂಬ್‌ಲೈಟು, ಪಕ್ಕದಲ್ಲೇ ತೆರೆದ ಕಿಟಕಿ. ದೀಪ ಹಾಕಿದ ಹತ್ತು ನಿಮಿಷಕ್ಕೆ ಹುಳುಗಳು ಬಂದವು. ಅರ್ಧ ಗಂಟೆಯಲ್ಲಿ ಪಟ್ಟಿಯ ಹಿಂದಿನಿಂದ ಒಂದು, ಕಿಟಕಿಯ ಸಂದಿಯಿಂದ ಇನ್ನೊಂದು ಹಲ್ಲಿ. ದೊಡ್ಡದು ದೀಪದ ಪಕ್ಕದ ಜಾಗ ಹಿಡಿಯಿತು. ಆದರೆ ದೀಪದ ನಟ್ಟನಡುವೆ ಬರಲಿಲ್ಲ, ಪಟ್ಟಿಯ ನೆರಳಂಚಿನಲ್ಲಿ ನಿಂತು ಬೆಳಕಿನ ಕಡೆಗೆ ಬಾಯಿ ಚಾಚುತ್ತಿತ್ತು. ಚಿಕ್ಕದು ಹತ್ತಿರ ಬಂದಾಗಲೆಲ್ಲ ಅದು ಲೊಚ್ ಲೊಚ್ ಎಂದು ದನಿ ಮಾಡಿ ಅಟ್ಟಿಸಿಕೊಂಡು ಹೋಗುತ್ತಿತ್ತು. ಶಕುನವೆಂದು ನಾವು ಕಿವಿಗೊಡುವ ಆ ಲೊಚಗುಟ್ಟುವಿಕೆ ಒಂದು ಹಲ್ಲಿ ಇನ್ನೊಂದಕ್ಕೆ ಹೇಳುವ “ಇದು ನನ್ನ ಜಾಗ” ಎಂಬ ಮಾತು.

ಅಟ್ಟಿಸಿಕೊಂಡ ಚಿಕ್ಕದು ಓಡಿದ್ದು ಕಟ್ಟೆಯ ಮೇಲಿನ ನುಣುಪು ಟೈಲ್ಸಿನ ಮೇಲೆ. ಅಲ್ಲಿ ಅದರ ಕಾಲು ಜಾರಿತು. ಗಾಜಿನ ಮೇಲೂ ಓಡುವ ಹಲ್ಲಿ ಜಾರುವುದೇ? ಜಾರುತ್ತದೆ, ಟೈಲ್ಸು ಒದ್ದೆಯಾಗಿದ್ದರೆ. ಹಲ್ಲಿಯ ಕಾಲಿನಲ್ಲಿ ಅಂಟೂ ಇಲ್ಲ, ಗಾಳಿ ಹೀರುವ ಬಟ್ಟಲೂ ಇಲ್ಲ. ಬೆರಳಿನ ಅಡಿಯ ಪಟ್ಟಿಗಳಲ್ಲಿ ನಮ್ಮ ಕೂದಲಿಗಿಂತ ಎಷ್ಟೋ ಸಣ್ಣನೆಯ ಲಕ್ಷಗಟ್ಟಲೆ ರೋಮಗಳಿವೆ. ಪ್ರತಿ ರೋಮದ ತುದಿಯೂ ಮತ್ತೆ ಕವಲೊಡೆದಿದೆ. ಆ ತುದಿಗಳು ಗೋಡೆಗೆ ಎಷ್ಟು ಹತ್ತಿರ ಬರುತ್ತವೆಂದರೆ ಎರಡು ಕಡೆಯ ಅಣುಗಳ ನಡುವಿನ ಕ್ಷೀಣ ಆಕರ್ಷಣೆಯೇ ಲಕ್ಷಪಟ್ಟಾಗಿ ಹಲ್ಲಿಯ ಭಾರವನ್ನು ಹೊರುತ್ತದೆ. ಭೌತಶಾಸ್ತ್ರದಲ್ಲಿ ಇದನ್ನು ವ್ಯಾನ್ ಡರ್ ವಾಲ್ಸ್ ಬಲ ಎನ್ನುತ್ತಾರೆ. ನಡುವೆ ನೀರಿನ ಪೊರೆ ಬಂದರೆ ಆ ಸಾಮೀಪ್ಯ ತಪ್ಪಿ ಹಿಡಿತ ಸಡಿಲವಾಗುತ್ತದೆ. ಕುದಿಯುವ ಸಾರಿನ ಹಬೆ ತಾಗಿ ಆ ಟೈಲ್ಸಿನ ಮೇಲೆ ನೀರಿನ ಹನಿ ಕೂತಿತ್ತು. ಅದರ ನೇರ ಕೆಳಗೆ ಮುಚ್ಚಳವಿಲ್ಲದ ಪಾತ್ರೆಯ ಜಾಗ. ಹುಡುಗನಿಗೆ ಅರ್ಧ ಉತ್ತರ ಸಿಕ್ಕಿತು.

ಉಳಿದರ್ಧ ದೀಪದ್ದು. ಹಲ್ಲಿ ಬರುವುದು ಬೆಳಕಿಗೋ, ದೀಪದ ಬಿಸಿಗೋ, ಹುಳುವಿಗೋ? ಅವನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ದಿನವೂ ಎಂಟು ಗಂಟೆಗೆ ಹಲ್ಲಿಗಳನ್ನು ಎಣಿಸತೊಡಗಿದ. ಹೊರಗಿನ ಜಗಲಿಯಲ್ಲಿ ಬಿಳಿಯ ಎಲ್‌ಇಡಿ ಬಲ್ಬು ಉರಿದ ಮೂರು ಸಂಜೆ ಗೋಡೆಯ ಮೇಲೆ 4, 5, 4 ಹಲ್ಲಿಗಳು. ದೀಪ ಆರಿಸಿದ ಮೂರು ಸಂಜೆ 1, 0, 1. ಇಷ್ಟರಿಂದ ಬೆಳಕೋ ಹುಳುವೋ ಎಂದು ತಿಳಿಯುವುದಿಲ್ಲ. ಆಮೇಲಿನ ಸಂಜೆ ಅವನು ಅಡುಗೆಮನೆಯ ಟ್ಯೂಬ್‌ಲೈಟು ಹಾಕಿ, ಕಿಟಕಿಯ ಗಾಜನ್ನು ಭದ್ರವಾಗಿ ಮುಚ್ಚಿದ. ಒಳಗೆ ಹುಳುಗಳು ಬರಲಿಲ್ಲ. ದೀಪದ ಪಕ್ಕದಲ್ಲಿ ಎಂಟು ಗಂಟೆಗೆ ಒಂದೂ ಹಲ್ಲಿಯಿರಲಿಲ್ಲ. ಆದರೆ ಕಿಟಕಿಯ ಗಾಜಿನ ಹೊರಮೈಯಲ್ಲಿ ಹುಳುಗಳು ಮುತ್ತಿದ್ದವು, ಅಲ್ಲಿ ಮೂರು ಹಲ್ಲಿಗಳು ಹೊಟ್ಟೆ ಅಂಟಿಸಿಕೊಂಡು ಕೂತಿದ್ದವು. ಗಾಜು ತಣ್ಣಗಿತ್ತು. ದೀಪ ಒಳಗೆ, ಹುಳು ಹೊರಗೆ ಇದ್ದಾಗ ಹಲ್ಲಿ ಹೋದದ್ದು ಹುಳುವಿನ ಕಡೆಗೆ. ದೀಪ ಅದಕ್ಕೆ ಊಟದ ಎಲೆ ಹಾಕಿರುವ ಜಾಗದ ಗುರುತು, ಅಷ್ಟೆ.

ಇನ್ನು ಹುಳು ದೀಪಕ್ಕೆ ಏಕೆ ಬರುತ್ತದೆ? ಚಂದ್ರನನ್ನು ನೋಡಿ ದಾರಿ ಹಿಡಿಯುವ ಹುಳು ದೀಪವನ್ನು ಚಂದ್ರನೆಂದು ತಿಳಿದು ಮೋಸಹೋಗುತ್ತದೆಂದು ಬಹುಕಾಲ ಪಾಠ ಹೇಳುತ್ತಿದ್ದರು. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಅಮೆರಿಕದ ಫ್ಲಾರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೊಂದು ಉತ್ತರವನ್ನು ಪ್ರಕಟಿಸಿದರು. ಅತಿವೇಗದ ಕ್ಯಾಮೆರಾದಿಂದ ಹಾರಾಟವನ್ನು ಸೆರೆಹಿಡಿದಾಗ, ಹುಳುಗಳು ದೀಪಕ್ಕೆ ನೇರವಾಗಿ ನುಗ್ಗದೆ ಅದಕ್ಕೆ ಬೆನ್ನು ತಿರುಗಿಸಿ ಹಾರುವುದು ಕಂಡಿತು. ಕಾರಣ ಸರಳವಾದದ್ದು. ರಾತ್ರಿಯಲ್ಲೂ ಆಕಾಶ ನೆಲಕ್ಕಿಂತ ತುಸು ಬೆಳ್ಳಗಿರುತ್ತದೆ. ಬೆಳಕಿರುವ ಕಡೆಗೆ ಬೆನ್ನು ಮಾಡಿಕೊಂಡರೆ ಹುಳುವಿನ ಮೈ ಸರಿಯಾಗಿ ಮೇಲುಕೆಳಗಾಗಿ ನಿಲ್ಲುತ್ತದೆ. ಕೋಟ್ಯಂತರ ವರ್ಷ ಇದು ನಡೆದುಬಂದ ಉಪಾಯ. ಪಕ್ಕದಲ್ಲಿ ಬಲ್ಬೊಂದು ಬಂದಾಗ ಹುಳು ಬಲ್ಬಿನ ಕಡೆಗೆ ಬೆನ್ನು ವಾಲಿಸುತ್ತದೆ, ವಾಲಿದ ಮೈ ಸುತ್ತು ತಿರುಗುತ್ತದೆ, ಸುತ್ತಿನಿಂದ ಬಿಡಿಸಿಕೊಳ್ಳಲಾರದೆ ದಣಿದು ಗೋಡೆಗೆ ಬೀಳುತ್ತದೆ. ಗೋಡೆಯ ಮೇಲೆ ಹಲ್ಲಿ ಕಾದಿರುತ್ತದೆ.

ಹುಡುಗ ಜಗಲಿಯ ಬಿಳಿ ಬಲ್ಬನ್ನು ತೆಗೆದು ಹಳದಿ ಬೆಳಕಿನದನ್ನು ಹಾಕಿದ. ನೀಲಿ ಮತ್ತು ಅತಿನೇರಳೆ ಅಂಶ ಕಡಿಮೆಯಿರುವ ಬೆಳಕು ಅನೇಕ ಹುಳುಗಳನ್ನು ಕಡಿಮೆ ಸೆಳೆಯುತ್ತದೆ. ಮೂರು ಸಂಜೆಯ ಎಣಿಕೆ 2, 1, 2. ಗೆದ್ದೆನೆಂದುಕೊಂಡ. ನಾಲ್ಕನೆಯ ಸಂಜೆ ಮಳೆ ಬಿದ್ದು ರೆಕ್ಕೆಯ ಗೆದ್ದಲುಹುಳುಗಳು ಎದ್ದವು. ಹಳದಿ ದೀಪದ ಕೆಳಗೇ ಆರು ಹಲ್ಲಿ! ದೀಪದ ಬಣ್ಣದಿಂದ ಹಲ್ಲಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ ಎಂದು ಅವನು ಪುಟದ ಕೆಳಗೆ ಬರೆದುಕೊಂಡ.

ಮುಂದಿನ ಭಾನುವಾರ ತಂದೆ ವೈರಿಂಗಿನವನನ್ನು ಕರೆಸಿ ಅಡುಗೆಮನೆಯ ಟ್ಯೂಬ್‌ಲೈಟನ್ನು ಒಲೆಯ ಮೇಲಿನಿಂದ ತೆಗೆಸಿ ಎದುರು ಗೋಡೆಗೆ ಹಾಕಿಸಿದರು. ಕಿಟಕಿಗೆ ಸೊಳ್ಳೆಯ ಜಾಲರಿ ಬಿಗಿಸಿದರು. ಇಳಿಸಿದ ಪಾತ್ರೆಯ ಮೇಲೆ ಬಿಸಿಯಿರುವಾಗಲೇ ತಟ್ಟೆ ಮುಚ್ಚುವ ಪದ್ಧತಿ ಬಂತು. ತೊಳೆದ ತಟ್ಟೆ ಲೋಟಗಳನ್ನು ಬೋರಲು ಹಾಕಿಡುತ್ತಾರೆ, ಬಡಿಸುವ ಮುಂಚೆ ಇನ್ನೊಮ್ಮೆ ನೀರಿನಲ್ಲಿ ಜಾಲಿಸುತ್ತಾರೆ. ಗೋಡೆಯ ಹಿಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರಸಿದವರು ಸೋಪು ಹಚ್ಚಿ ಕೈ ತೊಳೆಯುತ್ತಾರೆ. ನವಿಲುಗರಿ ಮಗಳ ಪುಸ್ತಕದೊಳಗೆ ಸೇರಿತು.

ಜಗಲಿಯಲ್ಲಿ ಹಲ್ಲಿಗಳು ಈಗಲೂ ಇವೆ. ಅವನ್ನು ಯಾರೂ ಪೊರಕೆಯಿಂದ ಹೊಡೆಯುವುದಿಲ್ಲ. ಸಂಜೆ ದೀಪ ಹಾಕಿದ ಮೇಲೆ ಯಾವುದಾದರೊಂದು ಲೊಚ್ ಎಂದರೆ ಅಜ್ಜಿ ಎಂದಿನಂತೆ ನೆಲಕ್ಕೆ ಬೆರಳು ತಟ್ಟಿ “ಕೃಷ್ಣ ಕೃಷ್ಣ” ಎನ್ನುತ್ತಾರೆ. ಆಮೇಲೆ ಒಳಗಿನ ಕಡೆಗೆ ತಿರುಗಿ, “ಏ ಮಗಾ, ಹುಳಿ ಮೇಲೆ ತಟ್ಟೆ ಮುಚ್ಚಿದೆಯಾ ನೋಡು” ಎಂದು ಕೂಗುತ್ತಾರೆ.